ಕೊರಳಿಲ್ಲದ ಬಿಲ್ಲೆ

ಹುಣಸೆಬೀಜದ ಗಂಜಿ ಕುದಿಯುವ ಕಮಟು ವಾಸನೆ ಎಲ್ಲಿ ಬಂದರೂ ಜವನಗೊಂಡನಹಳ್ಳಿಯ ನಮ್ಮ ಹಿತ್ತಿಲು ಕಣ್ಣೆದುರು ನಿಲ್ಲುತ್ತದೆ. ಕಂಬಳಿಯ ನೂಲು ಬಿಗಿಯಾಗಲೆಂದು ಬಿಸಿಲಲ್ಲಿ ನಿಂತು ಆ ಗಂಜಿ ಬಳಿಯುತ್ತಿದ್ದವಳು ಪುಟ್ಟಕ್ಕ, ನನ್ನ ಅವ್ವ ಸತ್ತ ಮೇಲೆ ಅಪ್ಪ ಕಟ್ಟಿಕೊಂಡವಳು. ಊರಿನವರ ಪ್ರಕಾರ ನನಗೆ ಚಿಕ್ಕವ್ವ. ನನ್ನ ಪ್ರಕಾರ ಏನೂ ಅಲ್ಲ. ಆಕೆಯ ಮೇಲೆ ನಾನು ಘನವಾದ ಬಹಿಷ್ಕಾರ ಘೋಷಿಸಿದ್ದೆ. ಬೇಕು ಬೇಡಗಳನ್ನೆಲ್ಲ ಗೋಡೆಗೆ ಹೇಳುತ್ತಿದ್ದೆ. ಗೋಡೆ ಎಂದೂ ಮುದ್ದೆ ಬಡಿಸಲಿಲ್ಲ, ಆಕೆ ಬಡಿಸುತ್ತಿದ್ದಳು.

ನನ್ನ ಸಿಟ್ಟಿನ ಮೂಲ ಆಕೆಯ ಕೊರಳಲ್ಲಿತ್ತು. ಎರಡನೆಯವಳಾಗಿ ಬಂದವಳು ಸತ್ತ ಸವತಿಯ ಹೆಸರಲ್ಲಿ ಒಂದು ಬೆಳ್ಳಿ ಬಿಲ್ಲೆಯನ್ನು ತಾಳಿಯ ಜೊತೆ ಕಟ್ಟಿಕೊಳ್ಳುವುದು ನಮ್ಮ ಮನೆತನದ ರೂಢಿ. ಉಣ್ಣುವ ಮೊದಲು ಅದಕ್ಕೊಂದು ತುತ್ತು ತೋರಿಸಬೇಕು. ನನ್ನ ಅವ್ವ ಬೇರೊಬ್ಬಳ ಕೊರಳಲ್ಲಿ ಜೋತಾಡುವುದನ್ನು ನೋಡಲಾಗದೆ ಒಂದು ದಿನ ಗೋಡೆಯನ್ನು ಬಿಟ್ಟು ಆಕೆಗೇ ಅರಚಿದೆ: "ನಮ್ಮವ್ವನ್ನ ಕೊಡು!"

"ಲೇ, ಬಾಯಿ ಮುಚ್ಚು! ಅದನ್ನ ತೆಗುದ್ರೆ ಸತ್ತೋಳು ಸುಮ್ಕಿರ್ತಾಳೇನಲೇ?" ಎಂದು ಅಜ್ಜಿ ಗದರಿದಳು. ಪುಟ್ಟಕ್ಕ ಬಿಲ್ಲೆಯನ್ನು ಸೆರಗಿನೊಳಗೆ ಸರಿಸಿಕೊಂಡಳು.

ಮುಂದೆ ನಾನು ಓದಲು ದುರ್ಗದ ಹಾಸ್ಟೆಲಿಗೆ ಸೇರಿದೆ. ಬಸ್ಸಿನ ಕಂಡಕ್ಟರ್ ತಂದುಕೊಟ್ಟ ರೊಟ್ಟಿ ಗಂಟಿನಲ್ಲಿ ಆಕೆಯೇ ಬರೆದ ಕಾಗದವಿತ್ತು.

"ಚಿ. ತಿಪ್ಪೇಶನಿಗೆ. ನನ್ನನ್ನ ಅವ್ವ ಅನ್ನು ಅಂತ ಬರೀತಿಲ್ಲ. ನಿನಗೆ ಅವ್ವ ಇದ್ದಳು, ಅವಳ ಜಾಗ ನಂಗೆ ಬ್ಯಾಡ. ನೀನು ಮಾತಾಡಿಸದಿದ್ರೆ ಬೇಜಾರಾಗ್ತೈತೆ, ಆದ್ರೆ ಅದು ನನ್ನ ಪಾಡು, ನಿನ್ನ ತಪ್ಪಲ್ಲ. ಅವಳ ಟ್ರಂಕು ನಾನು ಮುಟ್ಟಿಲ್ಲ. ಅವಳ ಸುದ್ದಿ ನನ್ನ ಮುಂದೆನೇ ಮಾತಾಡು, ಹೆದರ್ಕಬ್ಯಾಡ. ರಜಕ್ಕೆ ಬಂದ್ರೆ ಬಾ, ಬರದಿದ್ರೂ ರೊಟ್ಟಿ ಬರ್ತಾವೆ. ಬಿಲ್ಲೆ ಚಟ್ನಿಪುಡಿ ಪೊಟ್ಟಣದ ಪಕ್ಕ ಐತೆ. ನಿಮ್ಮವ್ವ ನಿನ್ನ ಹತ್ರಾನೇ ಇರಲಿ. ಉತ್ತರ ಬರೀಬೇಕಂತೇನಿಲ್ಲ."

ಆಕೆಯ ಮಾತುಗಳಲ್ಲಿ ನಾನು ಅಕ್ಷರಶಃ ಪಾಲಿಸಿದ್ದು ಆ ಕೊನೆಯ ಸಾಲನ್ನು ಮಾತ್ರ. ಬಿಲ್ಲೆಯನ್ನು ಜೇಬಿಗೆ ಹಾಕಿಕೊಂಡು ರೊಟ್ಟಿ ತಿಂದೆ.

ರಜೆಗೆ ಹೋದಾಗ ಬೀದಿಯ ಹೆಂಗಸರು ಆಕೆಗೆ ಕೇಳುವಂತೆಯೇ, "ಸವತೀನ ಕಿತ್ತೊಗುದಾಳೆ, ಎಷ್ಟು ಧೈರ್ಯ ನೋಡ್ರೇ!" ಎನ್ನುತ್ತಿದ್ದರು. ಬಿಲ್ಲೆ ಎಲ್ಲಿದೆಯೆಂದು ಆಕೆ ಯಾರಿಗೂ ಹೇಳಲಿಲ್ಲ. ಉಣ್ಣುವ ಮುನ್ನ ಬಿಲ್ಲೆಯಿಲ್ಲದ ಕೊರಳಿನ ಹತ್ತಿರ ತುತ್ತು ಹಿಡಿದು, ಆಮೇಲೆ ಬಾಯಿಗಿಡುತ್ತಿದ್ದಳು. ನಾನು ನೋಡಿಯೂ ನೋಡದವನಂತೆ ಗೋಡೆಗೆ ಇನ್ನಷ್ಟು ಸಾರು ಕೇಳುತ್ತಿದ್ದೆ, ಸಾರು ಬರುತ್ತಿತ್ತು.

ಮರುವರ್ಷ ಆಕೆಗೆ ಕಾಮಾಲೆಯಾಯಿತು. ಸುದ್ದಿ ತಿಳಿದು ನಾನು ಊರು ಮುಟ್ಟುವಷ್ಟರಲ್ಲಿ ಮಣ್ಣಾಗಿತ್ತು. ಹಿತ್ತಿಲಲ್ಲಿ ಅರ್ಧ ಗಂಜಿ ಬಳಿದ ನೂಲು ಒಣಗಿ ಸೆಟೆದು ನಿಂತಿತ್ತು. ಸತ್ತ ಸವತಿಯೇ ಎಳೆದುಕೊಂಡಳೆಂದು ಊರು ತೀರ್ಪು ಕೊಟ್ಟಿತು. ಅಷ್ಟು ದೊಡ್ಡ ಆರೋಪ ಹೊತ್ತ ನನ್ನ ಅವ್ವ ಆಗಲೂ ನನ್ನ ಚಡ್ಡಿಯ ಜೇಬಿನಲ್ಲೇ ಇದ್ದಳು.

ಅಪ್ಪ ಮತ್ತೆ ಮದುವೆಯಾಗಲಿಲ್ಲ. ಹಾಗಾಗಿ ಪುಟ್ಟಕ್ಕನ ಹೆಸರಿನ ಬಿಲ್ಲೆ ಕಟ್ಟಿಕೊಳ್ಳಲು ಕೊರಳೇ ಇಲ್ಲವಾಯಿತು. ಅಜ್ಜಿ, ಅಪ್ಪ, ಆ ಹಿತ್ತಿಲು ಎಲ್ಲ ಹೋದ ಮೇಲೆ, ತಲೆ ನರೆತ ನಾನು ದುರ್ಗದ ಅಕ್ಕಸಾಲಿಗನ ಬಳಿ ಹೋಗಿ ಹಳೆಯ ಬಿಲ್ಲೆ ತೋರಿಸಿ, ಅಂಥದೇ ಇನ್ನೊಂದು ಬೇಕೆಂದೆ.

"ಇದನ್ನ ಗಂಡಸ್ರು ಕಟ್ಕಳಲ್ಲ ಕಣ್ರೀ. ಯಾರ ಹೆಸ್ರಲ್ಲಿ?" ಎಂದ.

"ಚಿಕ್ಕವ್ವ," ಎಂದೆ.

ಬದುಕಿನಲ್ಲಿ ನಾನು ಬಾಯಿಬಿಟ್ಟು ಆ ಮಾತು ಅಂದದ್ದು ಅದೇ ಮೊದಲು. ಕೇಳಿಸಿಕೊಂಡವನು ಅಕ್ಕಸಾಲಿಗ.