ಎರಡೂ ಮುಕ್ಕಾಲರ ಕತ್ತರಿ

ಚಕ್ರವರ್ತಿಗಳಿಗೆ ಸಮುದ್ರದಿಂದ ಸಮುದ್ರದವರೆಗೆ ರಾಜ್ಯವಿರುತ್ತದೆ. ಸಿಮ್ಮಕ್ಕನಿಗೆ ಇದ್ದದ್ದು ಮೊಬೈಲ್ ಅಂಗಡಿಯ ನಾಲ್ಕಡಿ ಗಾಜಿನ ಕೌಂಟರ್. ಅದರ ಹಿಂದೆ ಒಂದು ತಿರುಗುವ ಕುರ್ಚಿ, ತಿರುಗುವುದನ್ನು ನಿಲ್ಲಿಸಿ ವರ್ಷಗಳಾಗಿದ್ದವು. ಸೈನ್ಯವೆಂದರೆ ಹನ್ನೊಂದು ಸ್ಕ್ರೂಡ್ರೈವರ್, ಕೊಕ್ಕೆಗೆ ನೇತುಹಾಕಿದ ಕೇಬಲ್‌ಗಳ ಗೊಂಚಲು ಮತ್ತು ಫ್ಯಾನಿನ ಸದ್ದು ಜಾಸ್ತಿ, ಜಾಗ ಕಡಿಮೆ ಇದ್ದ ಒಂದು ಕಂಪ್ಯೂಟರ್. ಸಿಮ್ಮಕ್ಕ ಎಂಬುದು ಸಿಮ್ ಕಾರ್ಡ್ ಮಾರುವುದರಿಂದ ಶುರುಮಾಡಿದ್ದಕ್ಕೆ ಗಲ್ಲಿಯವರು ಇಟ್ಟ ಹೆಸರು. ಅವಳ ತಾಯಿ ಇಟ್ಟ ಹೆಸರು ಈಗ ಕರೆಂಟ್ ಬಿಲ್ಲಿನಲ್ಲಿ ಮಾತ್ರ ಉಳಿದಿತ್ತು.

ಅದಕ್ಕೂ ಮೊದಲು ಹದಿನಾಲ್ಕು ವರ್ಷ ಅವಳು ಒಂದು ಫೋಟೋ ಸ್ಟುಡಿಯೋದಲ್ಲಿ ಮುಖಗಳ ಮೇಲಿನ ಕಲೆ ಅಳಿಸುತ್ತಿದ್ದಳು. ಮೊಡವೆ, ಮಚ್ಚೆ, ಕಣ್ಣ ಕೆಳಗಿನ ಕಪ್ಪು, ಬೇಡವಾದ ಭಾವ, ಎಲ್ಲವೂ ಅವಳ ಕೈಯಲ್ಲಿ ಸದ್ದಿಲ್ಲದೆ ಹೋಗುತ್ತಿದ್ದವು. ಆ ಚಾಳಿಯನ್ನೇ ಫೋನಿಗೂ ತಂದಳು. ಹಳೇ ಐಫೋನ್‌ನಿಂದ ಹೊಸದಕ್ಕೆ ಹೋಗುವವರು ಬಂದರೆ ದಾರಿ ಎರಡೇ. ಒಂದು, ಹಳೇ ಫೋನಿನ ಪೂರ್ತಿ ನಕಲು, ಅಂದರೆ ಇಡೀ ಬ್ಯಾಕಪ್ಪನ್ನು ಎತ್ತಿ ಹೊಸ ಫೋನಿನಲ್ಲಿ ಕೂರಿಸುವುದು. ಆಗ ಹಳೇ ಫೋನು ತನ್ನ ಸಕಲ ಗುಣಾವಗುಣಗಳ ಸಮೇತ ಹೊಸ ದೇಹದಲ್ಲಿ ಎದ್ದು ಕೂರುತ್ತದೆ. ಇನ್ನೊಂದು, ಬೇಕಾದ್ದನ್ನಷ್ಟೇ ಆರಿಸಿ ತುಂಬುವುದು. ಸಿಮ್ಮಕ್ಕ ಎರಡನೇ ಪಂಥದ ಜಗದ್ಗುರು. ಫೋಟೋ ಬೇಕಾ, ನಂಬರುಗಳು ಬೇಕಾ, ಹೇಳಿ. ಮಿಕ್ಕ ಕಸ ಯಾಕೆ ಹೊರುತ್ತೀರಿ ಎಂದು ಉಪದೇಶ ಮಾಡಿ, ಫೋನನ್ನು ಸ್ನಾನ ಮಾಡಿಸಿದ ಮಗುವಿನ ಹಾಗೆ ಕೈಗೆ ಕೊಡುತ್ತಿದ್ದಳು.

ಒಂದು ನಿಯಮವನ್ನು ಮಾತ್ರ ಅವಳು ಮೀರಿದ್ದಿಲ್ಲ. ಆರಿಸುವ ಮೊದಲು ಇಡೀ ಫೋನಿನ ಬ್ಯಾಕಪ್ಪನ್ನು ಕಂಪ್ಯೂಟರಿಗೆ ತೆಗೆದುಕೊಳ್ಳುತ್ತಿದ್ದಳು. ಅದರ ಪಾಸ್‌ವರ್ಡನ್ನು ಗಿರಾಕಿಯೇ ಒತ್ತಬೇಕು, ಅವಳು ಮುಖ ತಿರುಗಿಸಿಕೊಳ್ಳುತ್ತಿದ್ದಳು. ಒಂಬತ್ತು ದಿನ ಇಟ್ಟುಕೊಂಡು, ಒಂಬತ್ತನೆಯ ದಿನ ಅಂಗಡಿ ಮುಚ್ಚುವಾಗ ಅಳಿಸುತ್ತಿದ್ದಳು. ಕಂಪ್ಯೂಟರಿನಲ್ಲಿ ಜಾಗವಿಲ್ಲ ಎಂಬುದು ಹೊರಗೆ ಹೇಳುವ ಕಾರಣ. ಇಷ್ಟೊಂದು ಜನರ ಜೀವ ತನ್ನ ಬೆನ್ನ ಹಿಂದೆ ಕೂತಿರುವುದು ಅವಳಿಗೆ ಅಷ್ಟು ಸರಿಬರುತ್ತಿರಲಿಲ್ಲ ಎಂಬುದು ಒಳಗಿನದು.

ಎದುರಿನ ಟೈಲರ್ ಮತ್ತು ಅವನ ಮಗಳು ಬಂದದ್ದು ಒಂದು ಸೋಮವಾರ. ಟೈಲರಣ್ಣನ ಅಂಗಡಿಯ ಹಿಂದೆಯೇ ಅವನ ಮನೆ. ಗಲ್ಲಿ ಎಷ್ಟು ಕಿರಿದೆಂದರೆ ಅವನು ಸೂಜಿ ಕೆಳಗೆ ಬೀಳಿಸಿದರೆ ಸಿಮ್ಮಕ್ಕ ಬಗ್ಗಿ ನೋಡುತ್ತಿದ್ದಳು. ಎದೆಯ ಆಪರೇಷನ್ ಆದಮೇಲೆ ಅವನು ಮಧ್ಯಾಹ್ನ ಊಟವಾದ ಕೂಡಲೇ ಕತ್ತರಿಸುವ ಮೇಜಿನ ಮೇಲೆಯೇ ಒರಗಿ ನಿದ್ದೆ ಮಾಡುವುದು, ಸರಿಯಾಗಿ ಎರಡೂ ಮುಕ್ಕಾಲಿಗೆ ಅವನ ಹೆಂಡತಿ ಒಳಗಿನಿಂದ ಬಂದು "ರೀ, ಕತ್ತರಿ ಎಲ್ಲಿ?" ಎಂದು ಎಬ್ಬಿಸುವುದು, ಅವನು ಸಿಡಿದೇಳುವುದು, ಇದು ಎರಡು ವರ್ಷ ಗಲ್ಲಿಗೆಲ್ಲ ಬಿಟ್ಟಿ ನಾಟಕವಾಗಿತ್ತು. ಅಡುಗೆಮನೆಯಲ್ಲಿ ಮೂರು ಕತ್ತರಿ ಇಟ್ಟುಕೊಂಡು ನನ್ನದೇ ಯಾಕೆ ಬೇಕು ಇವಳಿಗೆ ಎಂದು ಅವನು ಬೀದಿಗೇ ಅಹವಾಲು ಸಲ್ಲಿಸುತ್ತಿದ್ದ. ಬೀದಿ ನಗುತ್ತಿತ್ತು. ಸಿಮ್ಮಕ್ಕ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದಳು.

ಆ ಹೆಂಗಸು ತೀರಿಕೊಂಡು ಎಂಟು ತಿಂಗಳಾಗಿತ್ತು. ಆಸ್ಪತ್ರೆಗೆ ಹೊರಡುವಾಗ ತನ್ನ ಫೋನನ್ನು ಗಂಡನ ಕೈಗೆ ಕೊಟ್ಟು, ನಾನು ಬರುವವರೆಗೆ ಇದು ಹೇಳಿದ ಹಾಗೆ ಕೇಳಿ ಎಂದು ಹೇಳಿ ಹೋಗಿದ್ದಳು. ಬರಲಿಲ್ಲ. ಫೋನು ಹೇಳುತ್ತಲೇ ಇತ್ತು. ದಿನಕ್ಕೆ ಆರು ಅಲಾರ್ಮ್. ಒಂದೊಂದಕ್ಕೂ ಅವಳೇ ಬರೆದಿಟ್ಟ ಒಂದೊಂದು ಸಾಲು: 'ಮಾತ್ರೆ. ತಗೊಂಡೆ ಅಂತ ಸುಳ್ಳು ಹೇಳ್ಬೇಡಿ.' 'ಕನ್ನಡಕ ಹಣೆ ಮೇಲಿದೆ.' 'ಊಟ ಮಾಡಿ, ಗುಂಡಿ ಆಮೇಲೆ ಹಚ್ಚಿ.' 'ಅಂಗಡಿ ಮುಚ್ಚಿ, ಸಾಕು.' ಫೋನು ಬಡಿದುಕೊಂಡಾಗಲೆಲ್ಲ ಟೈಲರಣ್ಣ "ಹ್ಞೂಂ, ಬಂದೆ ಕಣೇ" ಎಂದು ಎದ್ದು ಹೋಗುತ್ತಿದ್ದ. ಗಿರಾಕಿ ಅಳತೆ ಕೊಡಲು ಕೈ ಎತ್ತಿ ನಿಂತಿದ್ದರೆ, ಹಾಗೇ ನಿಂತಿರುತ್ತಿದ್ದ.

ಈಗ ಆ ಫೋನಿನ ಬ್ಯಾಟರಿ ಉಬ್ಬಿ ಪರದೆಯನ್ನೇ ಮೇಲೆತ್ತಿತ್ತು. ಮಗಳು ಹೊಸದೊಂದನ್ನು ಕೊಂಡು ತಂದಿದ್ದಳು. ಕೌಂಟರಿಗೆ ಬಗ್ಗಿ, ತಗ್ಗಿದ ದನಿಯಲ್ಲಿ ಹೇಳಿದಳು.

"ಅಕ್ಕಾ, ಫೋಟೋ, ನಂಬರು, ಅಷ್ಟೇ ಸಾಕು. ಅಮ್ಮ ದಿನಕ್ಕೆ ಆರು ಸಲ ಕರೀತಾಳೆ, ಅಪ್ಪ ಆರು ಸಲ ಓಗೊಡ್ತಾರೆ. ನಂಗೆ ಭಯ ಆಗುತ್ತೆ."

ಸಿಮ್ಮಕ್ಕನಿಗೆ ಇದು ತನ್ನ ಪಂಥಕ್ಕೆ ಸಿಕ್ಕ ದಿಗ್ವಿಜಯದ ಕರೆಯಂತೆ ಕೇಳಿಸಿತು. ಟೈಲರಣ್ಣ ಪಕ್ಕದ ಸ್ಟೂಲಿನ ಮೇಲೆ ಕೂತು ಅಳತೆ ಟೇಪನ್ನು ಬೆರಳಿಗೆ ಸುತ್ತುತ್ತಿದ್ದ. ಅವನನ್ನು ಕರೆದದ್ದು ಪಾಸ್‌ವರ್ಡ್ ಒತ್ತಲು ಮಾತ್ರ. ಒಂದೇ ಬೆರಳಲ್ಲಿ, ಗುಂಡಿಯ ಕಾಜಾ ಹೊಲಿಯುವಷ್ಟು ನಿಧಾನವಾಗಿ ಒತ್ತಿದ. ನಿಮಗೇನು ಬೇಕು ಎಂದು ಅವಳು ಅವನನ್ನು ಕೇಳಲಿಲ್ಲ. ಹದಿನಾಲ್ಕು ವರ್ಷದಲ್ಲಿ ಅವಳು ಯಾವ ಮುಖಕ್ಕೂ ನಿನ್ನ ಮಚ್ಚೆ ಇರಲೋ ಬೇಡವೋ ಎಂದು ಕೇಳಿದವಳಲ್ಲ. ಬ್ಯಾಕಪ್ಪಿನಿಂದ ಎರಡು ಸಾವಿರ ಚಿಲ್ಲರೆ ಫೋಟೋ, ಮುನ್ನೂರು ನಂಬರು ಆರಿಸಿ ತುಂಬಿದಳು. ಹಳೇ ಫೋನನ್ನು ಪೂರ್ತಿ ಅಳಿಸಿ, ಉಬ್ಬಿದ ಬ್ಯಾಟರಿ ಅಪಾಯವೆಂದು ಅವತ್ತೇ ಹಳೇ ಫೋನು ಒಯ್ಯುವವರ ಡಬ್ಬಿಗೆ ಹಾಕಿದಳು. ಮಗಳು ಕೈ ಹಿಡಿದುಕೊಂಡು ಥ್ಯಾಂಕ್ಸ್ ಹೇಳಿ ತನ್ನ ಊರಿಗೆ ಹೋದಳು.

ಮರುದಿನದಿಂದ ಎದುರಂಗಡಿ ಸುಮ್ಮನಾಯಿತು.

ಮೊದಲೆರಡು ದಿನ ಸಿಮ್ಮಕ್ಕನಿಗೆ ಬಲು ಹೆಮ್ಮೆ. ಮೂರನೆಯ ದಿನ ಒಂದೂಕಾಲಿಗೆ ಅವಳಿಗೆ ಹಸಿವಾಗಲಿಲ್ಲ. ಎದುರಿನ ಊಟದ ಅಲಾರ್ಮ್ ಕೇಳಿಯೇ ತಾನೂ ಡಬ್ಬಿ ಬಿಚ್ಚುತ್ತಿದ್ದೆ ಎಂಬುದು ಆಗ ಹೊಳೆಯಿತು. ಐದನೆಯ ದಿನ ಟೈಲರಣ್ಣ ಹಣೆ ಮೇಲೆ ಕನ್ನಡಕ ಇಟ್ಟುಕೊಂಡು ಇಡೀ ಅಂಗಡಿ ಹುಡುಕುವುದನ್ನು ಕಂಡಳು. ಕೂಗಿ ಹೇಳಲು ಬಾಯಿ ತೆರೆದವಳು ಮತ್ತೆ ಸ್ಕ್ರೂ ಬಿಚ್ಚಲು ಬಗ್ಗಿದಳು. ಆ ಸಾಲು ಬೇರೆಯವಳದು. ಏಳನೆಯ ದಿನ ರಾತ್ರಿಯೂಟದ ಹೊತ್ತಾದರೂ ಅವನ ಮೆಷಿನ್ ಓಡುತ್ತಲೇ ಇತ್ತು. ಸಾಕು ಎನ್ನುವವರಿರಲಿಲ್ಲ. ಕಂಪ್ಯೂಟರಿನ ಫ್ಯಾನು ಅವಳ ಬೆನ್ನ ಹಿಂದೆ ಗುಂಯ್ ಎನ್ನುತ್ತಿತ್ತು. ಅದರೊಳಗೆ ಒಬ್ಬಳು ಹೆಂಗಸು ಹೊತ್ತುಹೊತ್ತಿಗೆ ಕರೆಯುತ್ತಿದ್ದಾಳೆ, ಅವಳ ಬಾಯಿಗೆ ತಾನು ಬೀಗ ಹಾಕಿದ್ದೇನೆ ಎಂಬ ಕಲ್ಪನೆ ಬಂದು, ಛೆ ಎಂದುಕೊಂಡು, ಕುರ್ಚಿಯನ್ನು ಗೋಡೆ ಕಡೆಗೆ ಸರಿಸಿ ಬೆನ್ನು ಕಂಪ್ಯೂಟರಿಗೆ ಆಗದಂತೆ ಕೂತಳು.

ಒಂಬತ್ತನೆಯ ದಿನ, ಮಧ್ಯಾಹ್ನ ಒಂದಕ್ಕೆ, ಟೈಲರಣ್ಣ ಬಂದ. ಶರ್ಟಿನ ಗುಂಡಿ ತಪ್ಪಾಗಿ ಹಾಕಿದ್ದ. ಟೈಲರ್.

"ಸಿಮ್ಮಕ್ಕ, ಇದು ಮಾತಾಡ್ತಾ ಇಲ್ಲ," ಎಂದು ಹೊಸ ಫೋನನ್ನು ಗಾಜಿನ ಮೇಲಿಟ್ಟ.

ಸಿಮ್ಮಕ್ಕ ತನ್ನ ಆರಿಸುವ ಸಾಫ್ಟ್‌ವೇರನ್ನು ತೆರೆದು ಪಟ್ಟಿಯನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಹುಡುಕಿದಳು. ಫೋಟೋ ಇತ್ತು, ನಂಬರಿತ್ತು, ಮೆಸೇಜಿತ್ತು. ಅಲಾರ್ಮ್ ಎಂಬ ಸಾಲೇ ಇರಲಿಲ್ಲ. ಜಗದ್ಗುರುವಿನ ಶಾಸ್ತ್ರದಲ್ಲಿ ಆರು ಸಾಲಿಗೆ ಜಾಗವಿರಲಿಲ್ಲ. ಅವು ಬೇಕೆಂದರೆ ಇಡೀ ಬ್ಯಾಕಪ್ಪನ್ನೇ ಕೂರಿಸಬೇಕು. ಕೂರಿಸಬೇಕೆಂದರೆ ಹೊಸ ಫೋನನ್ನು ಪೂರ್ತಿ ಅಳಿಸಬೇಕು. ಅರ್ಧ ಇದು ಅರ್ಧ ಅದು ಎಂಬ ರಾಜಿ ಅದಕ್ಕೆ ಗೊತ್ತಿಲ್ಲ.

ಅವಳು ಬಿಡಿಸಿ ಹೇಳಿದಳು. ಈ ಒಂಬತ್ತು ದಿನದ ಫೋಟೋಗಳನ್ನು ಮೊದಲು ಹೊರಗೆ ತೆಗೆದಿಟ್ಟು ಆಮೇಲೆ ಹಾಕಬಹುದು. ಹೊಸ ಮೆಸೇಜುಗಳು ಹೋಗುತ್ತವೆ. ಆ್ಯಪ್‌ಗಳು ಮತ್ತೆ ಇಳಿಯಬೇಕು, ಕೆಲವು ಪಾಸ್‌ವರ್ಡ್ ಕೇಳುತ್ತವೆ. ಇನ್ನೊಂದು ಉಪಾಯವೂ ಇದೆ: ಆರೂ ಸಾಲು ನಿಮಗೆ ಬಾಯಿಪಾಠವಲ್ಲವಾ, ನಾನೇ ಈಗ ಬರೆದು ಅಲಾರ್ಮ್ ಇಟ್ಟುಕೊಡುತ್ತೇನೆ, ಎರಡು ನಿಮಿಷದ ಕೆಲಸ.

ಟೈಲರಣ್ಣ ಗಾಜಿನ ಮೇಲೆ ಬೆರಳಾಡಿಸಿದ.

"ನೀವು ಬರೆದ್ರೆ ನೀವು ಕರೆದ ಹಾಗಾಗುತ್ತೆ," ಎಂದ. "ನಾನು ಬರೆದ್ರೆ, ನನ್ನ ಮಾತು ನಾನೇ ಯಾವತ್ತು ಕೇಳಿದೀನಿ?"

ಮಗಳು ಬೈತಾಳೆ ಎಂದು ಸಿಮ್ಮಕ್ಕ ನೆನಪಿಸಿದಳು. ಅದಕ್ಕೂ ಅಲಾರ್ಮ್ ಇಟ್ಕೊಂಡ್ರಾಯ್ತು ಎಂದ. ನಗಲಿಲ್ಲ.

ಇಡೀ ಬ್ಯಾಕಪ್ಪನ್ನೇ ಕೂರಿಸಲು ಹೊರಟಾಗ ಕಂಪ್ಯೂಟರು ಪಾಸ್‌ವರ್ಡ್ ಕೇಳಿತು. ಸಿಮ್ಮಕ್ಕ ಮುಖ ತಿರುಗಿಸಿಕೊಂಡಳು. ಇವನು ಮರೆತಿದ್ದರೆ ಮುಗಿಯಿತು. ಹಳೇ ಫೋನು ಯಾವ ಕುಲುಮೆಯಲ್ಲಿದೆಯೋ, ಈ ಬ್ಯಾಕಪ್ಪಿಗೆ ಬೇರೆ ಬಾಗಿಲಿಲ್ಲ. ಬೆನ್ನ ಹಿಂದೆ ಒಂದೊಂದೇ ಅಕ್ಷರ ಬೀಳುವುದನ್ನು ಕೇಳಿದಳು. ಅಷ್ಟೂ ದಿನ ಅಷ್ಟೂ ಗಿರಾಕಿಗಳಿಗೆ ಕಸ ಎಂದು ಬೋಧಿಸಿದವಳು, ಈಗ ಒಂದು ಕಸದ ಕಣವೂ ಬಿಟ್ಟುಹೋಗದಿರಲಪ್ಪಾ ಎಂದು ಸ್ಕ್ರೂಡ್ರೈವರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಪರದೆಯ ಮೇಲೆ ನೀಲಿ ಪಟ್ಟಿ ಹೊರಟಿತು.

ಮುಗಿಯಲು ಒಂದೂವರೆ ಗಂಟೆ ಹಿಡಿಯಿತು. ಫೋನು ಕಪ್ಪಾಗಿ, ಬೆಳ್ಳಗಾಗಿ, ಕೊನೆಗೆ ಆ ಹೆಂಗಸು ಜೋಡಿಸಿದ್ದ ಹಾಗೆಯೇ ಎದ್ದಿತು: ಮೇಲೆ ಮೊಮ್ಮಗಳ ಚಿತ್ರ, ಕೆಳಗೆ ಟಾರ್ಚು, ಮೂಲೆಯಲ್ಲಿ ಗಡಿಯಾರ. ಎಲ್ಲ ಬಂದಿದೆಯೋ ನೋಡೋಣವೆಂದು ಸಿಮ್ಮಕ್ಕ ಗಡಿಯಾರ ತೆರೆದು ಅಲಾರ್ಮ್‌ಗಳ ಪಟ್ಟಿಗೆ ಹೋಗಿ ಎಣಿಸಿದಳು.

ಏಳಿದ್ದವು.

ಆರು ಹಸಿರು. ಒಂದರ ಬಣ್ಣ ಬೂದಿ, ಆಫ್ ಮಾಡಿದ್ದು. ಟೈಲರಣ್ಣ ಬಡಿದುಕೊಂಡ ಅಲಾರ್ಮನ್ನು ನಿಲ್ಲಿಸಿದ್ದನೇ ಹೊರತು ಎಂಟು ತಿಂಗಳಲ್ಲಿ ಈ ಪಟ್ಟಿಯನ್ನು ಒಮ್ಮೆಯೂ ತೆರೆದಿರಲಿಲ್ಲ. ಸಿಮ್ಮಕ್ಕ ಓದಿದಳು. ಓದಿ, ಫೋನನ್ನು ಗಾಜಿನ ಮೇಲೆ ಅವನ ಕಡೆಗೆ ತಿರುಗಿಸಿಟ್ಟಳು. ಅವನು ಕನ್ನಡಕವನ್ನು ಹಣೆಯಿಂದ ಕೆಳಗಿಳಿಸಿದ.

ಎರಡೂ ಮುಕ್ಕಾಲು. 'ಹೋಗಿ ಉಸಿರಾಡ್ತಿದಾರಾ ನೋಡು. ಕೇಳಿದ್ರೆ ಕತ್ತರಿ ಅನ್ನು.'

ಇದು ಅವನಿಗೆ ಬರೆದದ್ದಲ್ಲ. ಅವಳು ತನಗೇ ಬರೆದುಕೊಂಡದ್ದು. ಎರಡು ವರ್ಷ ನಡೆದ ನಾಟಕವೆಲ್ಲ ಈ ಒಂದು ಸಾಲಿನಲ್ಲಿತ್ತು. ಫೋನನ್ನು ಅವನ ಕೈಗೆ ಕೊಡುವ ಮೊದಲು ಇದೊಂದನ್ನು ಮಾತ್ರ ಆಫ್ ಮಾಡಿ ಹೋಗಿದ್ದಳು.

ಬೀದಿಯಲ್ಲಿ ಯಾರದೋ ಸೈಕಲ್ ಬೆಲ್ ಕೇಳಿಸಿತು. ಸಿಮ್ಮಕ್ಕನಿಗೆ ತಾನು ಎಲ್ಲರಿಗಿಂತ ಜೋರಾಗಿ ನಗುತ್ತಿದ್ದದ್ದು ನೆನಪಾಗಿ ಕಿವಿ ಬಿಸಿಯಾಯಿತು.

"ಮೂರು ಕತ್ತರಿ ಇದ್ವು," ಎಂದ ಟೈಲರಣ್ಣ, ಯಾರಿಗೋ. ಆಮೇಲೆ ಒಂದೇ ಬೆರಳಿನಿಂದ, ನಿಧಾನವಾಗಿ, ಏಳನೆಯದನ್ನೂ ಹಸಿರು ಮಾಡಿದ. "ಇನ್ಮೇಲೆ ನಾನೇ ನೋಡ್ಕೋಬೇಕಲ್ಲ."

ಆ ಸಂಜೆ ಅಂಗಡಿ ಮುಚ್ಚುವಾಗ ಸಿಮ್ಮಕ್ಕ ನಿಯಮದಂತೆ ಬ್ಯಾಕಪ್ಪನ್ನು ಅಳಿಸಲು ಕೂತಳು. ಒತ್ತಲಿಲ್ಲ. ಮರುದಿನವೂ ಇಲ್ಲ. ಕೊನೆಗೆ ಒಂದು ಹೊಸ ಹಾರ್ಡ್ ಡಿಸ್ಕ್ ಕೊಂಡು ತಂದು, ಜಾಗ ಸಾಲುತ್ತಿರಲಿಲ್ಲ ಎಂದು ಕೇಳದವರಿಗೂ ಹೇಳಿಕೊಂಡು ಬಂದಳು. ಗಿರಾಕಿಗಳಿಗೆ ಮಾಡುತ್ತಿದ್ದ ಉಪದೇಶ ನಿಂತಿತು. ಆರಿಸುವ ಮೊದಲು ಫೋನಿನ ಒಡೆಯನನ್ನೇ ಕೂರಿಸಿಕೊಂಡು, ಇದರಲ್ಲಿ ಏನೇನು ಬಡಿದುಕೊಳ್ಳುತ್ತೆ ಹೇಳಿ ಎಂದು ಕೇಳುತ್ತಾಳೆ. ಜನ ಇವಳಿಗೆ ತಲೆ ಕೆಟ್ಟಿದೆ ಎಂದುಕೊಂಡು, ಉತ್ತರ ಮಾತ್ರ ಹೇಳುತ್ತಾರೆ.

ಎರಡೂ ಮುಕ್ಕಾಲಿಗೆ ಈಗ ಅವಳ ಕೈ ತಾನಾಗಿ ನಿಲ್ಲುತ್ತದೆ. ಎದುರಿನ ಅರ್ಧ ಎಳೆದ ಷಟರ್ ಬಾಗಿಲ ಹಿಂದೆ ಅಲಾರ್ಮ್ ಬಡಿದುಕೊಳ್ಳುತ್ತದೆ. ಅದು ನಿಂತರೆ ಯಾರೋ ನಿಲ್ಲಿಸಿದ್ದಾರೆ. ನಿಲ್ಲಿಸಿದ್ದಾರೆಂದರೆ ಉಸಿರಾಡುತ್ತಿದ್ದಾರೆ. ದಿನಾ ನಾಲ್ಕೈದು ಸಲ ಬಡಿಯುವಷ್ಟರಲ್ಲಿ ನಿಲ್ಲುತ್ತದೆ, ಸಿಮ್ಮಕ್ಕನ ಸ್ಕ್ರೂಡ್ರೈವರು ಮತ್ತೆ ತಿರುಗುತ್ತದೆ.

ಮೊನ್ನೆ ನಿಲ್ಲಲಿಲ್ಲ. ಹತ್ತು, ಹದಿನೈದು, ಇಪ್ಪತ್ತು. ಅವಳು ಕೌಂಟರಿನ ಹಲಗೆ ಎತ್ತಿ, ಚಪ್ಪಲಿಯೂ ಇಲ್ಲದೆ ಗಲ್ಲಿ ದಾಟಿ, ಬಾಗಿಲ ಕೆಳಗೆ ಬಗ್ಗಿ ಒಳಗೆ ಇಣುಕಿದಳು. ಟೈಲರಣ್ಣ ಮೇಜಿನ ಮೇಲೆ ಎದ್ದೇ ಕೂತಿದ್ದ, ಫೋನನ್ನು ಅಂಗೈಯಲ್ಲಿಟ್ಟುಕೊಂಡು, ಅದು ಕರೆಯುವುದನ್ನು ಪೂರ್ತಿ ಕೇಳುತ್ತ.

"ಏನು ಸಿಮ್ಮಕ್ಕ?" ಎಂದ.

ಅವಳಿಗೆ ಹೊಳೆದದ್ದು ಒಂದೇ.

"ಕತ್ತರಿ ಇದೆಯಾ ಅಂತ ಬಂದೆ."

ಅವನು ಅವಳನ್ನೇ ನೋಡಿದ. ಅಲಾರ್ಮ್ ನಿಲ್ಲಿಸಿದ. ಕತ್ತರಿಯನ್ನು ಹಿಡಿಯ ಕಡೆಯಿಂದ ಚಾಚಿದ.