ನಾನು ಮುಚ್ಚಿಟ್ಟ ತುರಿಕೆ

ನನ್ನ ಮೊಮ್ಮಗಳು ಈ ವಾರವೆಲ್ಲ ಒಮ್ಮೆಯೂ ಎಚ್ಚರಾಗದೆ ಮಲಗಿದ್ದಾಳೆ! ತುರಿಕೆ ಹೋಯಿತು. ಎಷ್ಟು ಮಂದಿಗೆ ಹೇಳಿದರೂ ನನಗೆ ಸಾಲದು.

ಖಾನಾಪುರದ ಶಾಲೆಯಲ್ಲಿ ಎಲ್ಲ ಮಕ್ಕಳಂತೆ ಅವಳೂ ಜಂತುಹುಳದ ಗುಳಿಗೆ ಅಗಿದು ನುಂಗಿದ್ದಳು. ಕೆಲವು ದಿನ ಆರಾಮಿದ್ದಳು. ಆಮೇಲೆ ಮಲಗಿದರೆ ಸಾಕು, ಮತ್ತೆ ಕುಂಡಿ ಕೆರೆದುಕೊಂಡು ಅಳುವಳು. ಶಾಲೆಯಲ್ಲಿ ತೂಕಡಿಸಿದರೆ ಮಕ್ಕಳು ನಗುತ್ತಿದ್ದರು. ಕಡೆಗೆ, "ನಾ ಸಾಲಿಗೆ ಹೋಗಂಗಿಲ್ಲ" ಎಂದು ಕೂತುಬಿಟ್ಟಳು. ಸೊಸೆಯೂ ನಾನೂ ಅವಳನ್ನು ಬೆಳಗಾವಿಗೆ, ಡಾಕ್ಟರಮ್ಮನ ಹತ್ತಿರ ಕರೆದೊಯ್ದೆವು.

"ಮನ್ಯಾಗ ಮತ್ತ ಯಾರಿಗರ ತುರಿಕಿ ಐತೇನ್ರಿ?" ಎಂದರು ಡಾಕ್ಟರಮ್ಮ.

"ಯಾರಿಗೂ ಇಲ್ರೀ," ಎಂದಳು ಸೊಸೆ.

ತಿಂಗಳಿಂದ ನನಗೂ ತುರಿಕೆ ಇತ್ತು, ನಾಚಿಕೆಗೆ ಬಾಯಿ ಬಿಟ್ಟಿರಲಿಲ್ಲ. ಮಗು ಮಲಗುವುದು ನನ್ನ ಕೌದಿಯೊಳಗೇ. ಸುಮ್ಮನಿದ್ದರೆ ಅವಳ ಶಾಲೆಯೇ ತಪ್ಪುತ್ತದೆ.

"ನನಗೂ ಐತ್ರೀ," ಎಂದುಬಿಟ್ಟೆ. "ಆದ್ರ ಕೌದಿ ದಿನಾ ಝಾಡಿಸ್ತೀನ್ರಿ!"

"ಝಾಡಿಸಿದ್ರ ಹುಳದ ತತ್ತಿ ಮನಿ ತುಂಬ ಹಾರತಾವ, ಅಜ್ಜಿ. ಬಿಸಿನೀರಾಗ ಒಗೀರಿ. ಉಗುರು ತೆಗೀರಿ, ಮುಂಜಾನೆ ಎದ್ದಕೂಡ್ಲೆ ಮೈ ತೊಳೀರಿ. ಎಲ್ಲಾರೂ ಒಂದೇ ದಿನ ಗುಳಿಗಿ ತಗೋರಿ, ಎರಡು ವಾರಕ್ಕ ಮತ್ತೊಮ್ಮೆ."

"ಅಯ್ಯ ಅತ್ತಿ, ಮೊದಲ ಹೇಳಬಾರದಾ!" ಎಂದಳು ಸೊಸೆ. ಮನೆಗೆ ಬಂದವಳೇ ಮುಖ ಗಂಟಿಕ್ಕಿಕೊಂಡು ನನ್ನ ಕೌದಿಯನ್ನು ಬಿಸಿನೀರಿಗೆ ಹಾಕಿದಳು.

"ನನಗೇನಾಗೇತಿ?" ಎಂದ ಮಗನಿಗೂ ಎರಡು ಸಲ ನುಂಗಿಸಿದೆವು.

ಇಂದು ಮೊಮ್ಮಗಳು ನಗುತ್ತ ಶಾಲೆಯಿಂದ ಬಂದಳು. ಸಂಜೆ ಎಲ್ಲರೂ ಸಾಬೂನಿನಿಂದ ಕೈ ತೊಳೆದು ರೊಟ್ಟಿ ಊಟಕ್ಕೆ ಕುಳಿತೆವು. ಸೊಸೆ ಮೊದಲು ನನ್ನ ತಾಟಿಗೆ ತುಪ್ಪ ಬಡಿಸಿದಳು.