ಮಸುಕಾದ ಹದಿನಾಲ್ಕು ಕ್ಲಿಪ್‌ಗಳು

ಮಾರ್ಚ್ 12, ಬೆಳಿಗ್ಗೆ 10.20. ಗೋಕಾಕದ ನಮ್ಮ ಸ್ಟುಡಿಯೋದಲ್ಲಿ ಮದುವೆಯ ವಿಡಿಯೋ ಎಡಿಟ್ ಮಾಡುತ್ತಿದ್ದೆ. ಕ್ಲಿಪ್‌ಗಳನ್ನು ಜೋಡಿಸುವ ಟೈಮ್‌ಲೈನ್ ಫುಲ್ ಎಚ್‌ಡಿ. ಹುಕ್ಕೇರಿಯ ಕ್ಯಾಮೆರಾಮನ್ ತೆಗೆದ, ಅದರ ಎರಡರಷ್ಟು ಅಗಲ-ಎತ್ತರದ ಫೋರ್‌ಕೆ ಕ್ಲಿಪ್‌ಗಳನ್ನು ಹಿಗ್ಗಿಸಿದಾಗ ವಧುವಿನ ಮುಖ ಮಸುಕಾಯಿತು. ಮಸುಕಾದ ಕ್ಲಿಪ್‌ಗಳನ್ನು ಎಣಿಸಿದೆ: ಹದಿನಾಲ್ಕು.

“ಅಂವಾ ಫೋಕಸ್ ತಪ್ಪಿಸ್ಯಾನ. ಮುಂದಿನ ಮೂಡಲಗಿ ಮದವಿಗಿ ಬ್ಯಾರೆಯವರನ್ನ ಕರಿಯೂಣು,” ಎಂದರು ಸ್ಟುಡಿಯೋ ಮಾಲೀಕರಾದ ಕಾಕಾ.

ನನಗೂ ಅವನ ಮೇಲೇ ಗುಮಾನಿ. ಆದರೆ ಮೂಲ ಫೈಲಿನಲ್ಲಿ ಕಣ್ರೆಪ್ಪೆಯೂ ಸ್ಪಷ್ಟವಾಗಿತ್ತು. ಟೈಮ್‌ಲೈನಿನಲ್ಲಿ ‘ಸ್ಕೇಲ್ ಟು ಫ್ರೇಮ್ ಸೈಜ್’ಗೆ ಟಿಕ್ ಬಿದ್ದಿತ್ತು. ಅದು ಚಿತ್ರವನ್ನು ಮೊದಲೇ ಎಚ್‌ಡಿಗೆ ಕುಗ್ಗಿಸಿತ್ತು. ಕುಗ್ಗಿದ್ದನ್ನೇ ನಾನು ಹಿಗ್ಗಿಸುತ್ತಿದ್ದೆ. ಬದಲಿಗೆ ‘ಸೆಟ್ ಟು ಫ್ರೇಮ್ ಸೈಜ್’ ಆರಿಸಿದೆ. ಸ್ಕೇಲ್ ಶೇಕಡಾ ಐವತ್ತಕ್ಕೆ ಬಂತು; ಅಂದರೆ ಮೂಲ ಚಿತ್ರ ಹಾಗೇ ಉಳಿದು, ಅರ್ಧ ಅಳತೆಯಲ್ಲಿ ಕಾಣುತ್ತಿತ್ತು. ನೂರರವರೆಗೆ ಹಿಗ್ಗಿಸಿದರೂ ಮುಖ ಮಸುಕಾಗಲಿಲ್ಲ.

“ಕ್ಯಾಮೆರಾದಾಗ ತಪ್ಪಿಲ್ರಿ ಕಾಕಾ.”

“ಹಂಗಾರ ಆ ಟಿಕ್ ಯಾರ್ ಹಾಕಿದ್ರೋ?” ಎಂದು ನನ್ನನ್ನೇ ನೋಡುತ್ತ ಅವರು ಹುಕ್ಕೇರಿಗೆ ಫೋನ್ ಹಚ್ಚಿ, ಮೂಡಲಗಿ ಮದುವೆಗೆ ಆ ಕ್ಯಾಮೆರಾಮನ್‌ನನ್ನೇ ಕರೆದರು.

ನಾನಂತೂ ಹಾಕಿಲ್ಲ. ಎಡಿಟಿಂಗ್ ಸಾಫ್ಟ್‌ವೇರ್ ಅಪ್‌ಡೇಟ್ ಆದಾಗ ಈ ಸೆಟ್ಟಿಂಗ್ ತಾನಾಗಿ ಬದಲಾಗುತ್ತದೆಯೇ? ತಿಳಿದವರು ದಯವಿಟ್ಟು ಬರೆಯಿರಿ.